ಮೊದಲ ಆರು ವಾರದ ರೊಕ್ಕ: ಫಾರೆಕ್ಸ್ ಕಾರ್ಡ್, ಡೆಬಿಟ್ ಕಾರ್ಡ್, ನಗದು ಇವುಗಳಲ್ಲಿ ಯಾವುದು ಎಷ್ಟು?

ಹುಬ್ಬಳ್ಳಿಯ ಬ್ಯಾಂಕ್ ಶಾಖೆಯೊಂದರ ವಿದೇಶಿ ವಿನಿಮಯ ವಿಭಾಗದಲ್ಲಿ ಹಲವು ವರ್ಷ ಕೂತವನು ನಾನು. ನಿವೃತ್ತಿಯಾದ ಮೇಲೂ ಪ್ರತಿ ವರ್ಷ ಆಗಸ್ಟ್, ಸೆಪ್ಟೆಂಬರ್ ತಿಂಗಳುಗಳಲ್ಲಿ ಪರಿಚಯದವರು ಮಕ್ಕಳನ್ನು ಕರೆದುಕೊಂಡು ಮನೆಗೆ ಬರುತ್ತಾರೆ. ಹಾಗೆ ಬಂದವರಲ್ಲಿ ರಾಣೆಬೆನ್ನೂರಿನ ಬೀಜದ ವ್ಯಾಪಾರಿಯೊಬ್ಬರೂ ಅವರ ಮಗಳೂ ಇದ್ದರು. ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಎಂಜಿನಿಯರಿಂಗ್ ಮುಗಿಸಿದ ಆ ಹುಡುಗಿಗೆ ಜರ್ಮನಿಯ ಕೆಮ್ನಿಟ್ಸ್ ನಗರದಲ್ಲಿ ಸ್ನಾತಕೋತ್ತರ ಓದಿಗೆ ಪ್ರವೇಶ ದೊರೆತಿತ್ತು, ವೀಸಾ ಬಂದಿತ್ತು, ಹೊರಡಲು ಇನ್ನು ಹದಿನೆಂಟು ದಿನ ಉಳಿದಿತ್ತು. ರೊಕ್ಕವನ್ನು ಹೇಗೆ ಒಯ್ಯುವುದು ಎಂಬುದು ಮಾತ್ರ ತೀರ್ಮಾನವಾಗಿರಲಿಲ್ಲ.

"ಸಾಹೇಬ್ರ, ಎಲ್ಲಾ ನಗದಾಗ ಕೊಟ್ಟು ಕಳಸಿಬಿಡ್ತೀನ್ರಿ. ಕೈಯಾಗ ಇದ್ದದ್ದು ನಮ್ದು, ಕಾರ್ಡಿಂದು ಏನ್ ಭರವಸಾ?" ಎಂದರು ತಂದೆ. "ನಂದು ಡೆಬಿಟ್ ಕಾರ್ಡ್ ಐತಲ್ಲಪ್ಪಾ, ಖಾತೆಗೆ ಹಾಕಿದ್ರ ಸಾಕು, ಅಲ್ಲೇ ಎಟಿಎಮ್ಮಿನಾಗ ತಕ್ಕೋತೀನಿ" ಎಂದಳು ಮಗಳು. ಮೊದಲೇ ಹೋಗಿದ್ದ ಅವಳ ಗೆಳತಿ, ವಿದೇಶಿ ಹಣವನ್ನು ಇಲ್ಲೇ ತುಂಬಿಸಿಕೊಂಡು ಒಯ್ಯುವ ಫಾರೆಕ್ಸ್ ಕಾರ್ಡ್ ಬಿಟ್ಟು ಬೇರೆ ಯಾವುದೂ ಬೇಡವೆಂದು ಹೇಳಿದ್ದಳಂತೆ. ಮೂವರ ಮಾತಿನಲ್ಲೂ ಸ್ವಲ್ಪ ಸ್ವಲ್ಪ ಸತ್ಯವಿತ್ತು. ಆ ಕುಟುಂಬಕ್ಕೆ ಅಂದು ಕೂತು ಹಾಕಿಕೊಟ್ಟ ಲೆಕ್ಕವನ್ನೇ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಎಷ್ಟು ದಿನದ ರೊಕ್ಕ ಎಂಬುದು ಮೊದಲು ತಿಳಿಯಬೇಕು

ಜರ್ಮನಿಗೆ ಓದಲು ಹೋಗುವ ಬಹುತೇಕ ವಿದ್ಯಾರ್ಥಿಗಳು ವೀಸಾಕ್ಕಾಗಿ ಬ್ಲಾಕ್ಡ್ ಅಕೌಂಟ್ ಎಂಬ ಖಾತೆಯಲ್ಲಿ ಒಂದು ವರ್ಷದ ಖರ್ಚನ್ನು ಮುಂಚಿತವಾಗಿ ಇಡುತ್ತಾರೆ. 2024ರ ಸೆಪ್ಟೆಂಬರ್‌ನಿಂದ ಈ ಮೊತ್ತ 11,904 ಯೂರೊ ಇದ್ದು, ತಿಂಗಳಿಗೆ 992 ಯೂರೊದಂತೆ ಕೈಗೆ ಬರುತ್ತದೆ. ಆದರೆ ಅದು ಬಂದು ಬೀಳಲು ವಿದ್ಯಾರ್ಥಿಯ ಹೆಸರಿನಲ್ಲಿ ಅಲ್ಲಿಯದೇ ಆದ ಚಾಲ್ತಿ ಖಾತೆಯೊಂದು ಬೇಕು. ಆ ಖಾತೆಗೆ ಅನೇಕ ಬ್ಯಾಂಕುಗಳು ನಗರಸಭೆಯಲ್ಲಿ ವಿಳಾಸ ನೋಂದಾಯಿಸಿದ ಪತ್ರ ಕೇಳುತ್ತವೆ, ಆ ನೋಂದಣಿಗೆ ಮನೆಯ ಮಾಲೀಕರ ಪತ್ರ ಬೇಕು, ಮತ್ತು ಅಕ್ಟೋಬರ್‌ನಲ್ಲಿ ಎಲ್ಲ ಹೊಸ ವಿದ್ಯಾರ್ಥಿಗಳೂ ಒಮ್ಮೆಲೇ ಬರುವುದರಿಂದ ನಗರಸಭೆಯಲ್ಲಿ ಸಮಯ ಸಿಗುವುದೇ ತಡವಾಗುತ್ತದೆ. ನಾನು ಕಂಡ ಮಕ್ಕಳಲ್ಲಿ ಹೆಚ್ಚಿನವರಿಗೆ ಮೊದಲ ಹಣ ಕೈಸೇರಲು ಮೂರರಿಂದ ಆರು ವಾರ ಹಿಡಿದಿದೆ. ಆದ್ದರಿಂದ ಕಾರ್ಡೋ ನಗದೋ ಎಂಬ ಆಯ್ಕೆ ಈ ಆರು ವಾರಗಳಿಗೆ ಸಂಬಂಧಿಸಿದ್ದೇ ಹೊರತು ಎರಡು ವರ್ಷದ ಓದಿಗೆ ಸಂಬಂಧಿಸಿದ್ದಲ್ಲ.

ಇಲ್ಲಿ ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡಬೇಕು, ಏಕೆಂದರೆ ಹೆಚ್ಚು ಜನ ಎಡವುವುದು ಇಲ್ಲಿಯೇ. ಮನೆಬಾಡಿಗೆಯನ್ನೂ ಬಾಡಿಗೆಯ ಮುಂಗಡ ಠೇವಣಿಯನ್ನೂ ಅಲ್ಲಿಯ ವಸತಿ ನಿಲಯಗಳು ಸಾಮಾನ್ಯವಾಗಿ ಬ್ಯಾಂಕ್ ಖಾತೆಯಿಂದ ಖಾತೆಗೆ ಮಾತ್ರ ಪಡೆಯುತ್ತವೆ. ಫಾರೆಕ್ಸ್ ಕಾರ್ಡಿನಲ್ಲಿ ಎರಡು ಸಾವಿರ ಯೂರೊ ಇದ್ದರೂ ಅದರಿಂದ ಒಂದು ಖಾತೆಗೆ ಹಣ ವರ್ಗಾಯಿಸಲು ಬರುವುದಿಲ್ಲ, ಏಕೆಂದರೆ ಅದು ಖಾತೆಯಲ್ಲ, ಮುಂಗಡವಾಗಿ ಹಣ ತುಂಬಿದ ಕಾರ್ಡ್ ಅಷ್ಟೇ. ಡೆಬಿಟ್ ಕಾರ್ಡಿನಿಂದಲೂ ಈ ಕೆಲಸ ಆಗದು. ಹೀಗಾಗಿ ಮೊದಲ ತಿಂಗಳ ಬಾಡಿಗೆ, ಠೇವಣಿ ಮತ್ತು ವಿಶ್ವವಿದ್ಯಾಲಯದ ಸೆಮಿಸ್ಟರ್ ಶುಲ್ಕಗಳನ್ನು ಹೊರಡುವ ಮುನ್ನವೇ ಇಲ್ಲಿಯ ಬ್ಯಾಂಕಿನಿಂದ ನೇರ ರವಾನೆಯ ಮೂಲಕ ಕಳುಹಿಸಿ, ರಸೀದಿಯನ್ನು ಮಗುವಿನ ಕೈಗೆ ಕೊಡಬೇಕು. ನಮ್ಮ ಹುಡುಗಿಯ ವಿಷಯದಲ್ಲಿ ಹಾಗೆಯೇ ಮಾಡಿದೆವು. ಅದನ್ನು ಕಳೆದ ಮೇಲೆ ಊಟ, ಹಾಸಿಗೆ ಹೊದಿಕೆ, ಅಡುಗೆ ಪಾತ್ರೆ, ರೈಲು, ಸಿಮ್ ಮತ್ತು ಅನಿರೀಕ್ಷಿತ ಖರ್ಚುಗಳಿಗೆ ಆರು ವಾರಕ್ಕೆ 1,500 ಯೂರೊ ಸಾಕೆಂದು ತೀರ್ಮಾನಿಸಿದೆವು.

ಒಂದು ಯೂರೊ ನಿಜವಾಗಿ ಎಷ್ಟಕ್ಕೆ ಬೀಳುತ್ತದೆ

ದರವನ್ನು ಕೇಳುವಾಗ ಒಂದು ಪದ ಬಹಳ ಜನರನ್ನು ದಾರಿ ತಪ್ಪಿಸುತ್ತದೆ. ಬ್ಯಾಂಕಿನವರು "ಇವತ್ತಿನ ಕಾರ್ಡ್ ರೇಟ್" ಎಂದಾಗ ಅವರು ಹೇಳುವುದು ಬೆಳಗ್ಗೆ ಪ್ರಕಟಿಸಿದ ದರಪಟ್ಟಿಯ ದರವನ್ನು, ಪ್ಲಾಸ್ಟಿಕ್ ಕಾರ್ಡಿನ ದರವನ್ನಲ್ಲ. ಆ ಪಟ್ಟಿಯಲ್ಲಿ ರವಾನೆಗೆ ಒಂದು ದರ, ಟ್ರಾವೆಲ್ ಕಾರ್ಡ್ ಎಂದು ಬರೆದಿರುವ ಫಾರೆಕ್ಸ್ ಕಾರ್ಡಿಗೆ ಇನ್ನೊಂದು, ನೋಟಿಗೆ ಮತ್ತೊಂದು, ಅದರಲ್ಲೂ ಬ್ಯಾಂಕು ಕೊಳ್ಳುವ ದರ ಬೇರೆ, ಮಾರುವ ದರ ಬೇರೆ ಎಂದು ಹಲವು ಕಂಬಸಾಲುಗಳಿರುತ್ತವೆ. ನೋಟಿನ ಮಾರುವ ದರ ಸಾಮಾನ್ಯವಾಗಿ ಎಲ್ಲಕ್ಕಿಂತ ದುಬಾರಿ, ಏಕೆಂದರೆ ನೋಟನ್ನು ತರಿಸಿ, ವಿಮೆ ಮಾಡಿ, ತಿಜೋರಿಯಲ್ಲಿ ಕಾಪಾಡುವ ವೆಚ್ಚ ಅದರಲ್ಲಿ ಸೇರಿರುತ್ತದೆ. ಹಾಗಾಗಿ "ರೇಟ್ ಎಷ್ಟು" ಎಂದು ಕೇಳುವ ಬದಲು "1,500 ಯೂರೊ ಕೈಗೆ ಬರಲು ತೆರಿಗೆ, ಶುಲ್ಕ ಎಲ್ಲ ಸೇರಿ ನನ್ನ ಖಾತೆಯಿಂದ ಒಟ್ಟು ಎಷ್ಟು ರೂಪಾಯಿ ಹೋಗುತ್ತದೆ" ಎಂದು ಕೇಳಬೇಕು. ಬಂದ ಉತ್ತರವನ್ನು 1,500ರಿಂದ ಭಾಗಿಸಿದರೆ ಸಿಗುವುದೇ ನಿಜವಾದ ದರ. ಎರಡು ಮೂರು ಕಡೆ ಕೇಳುವುದಾದರೆ ಒಂದೇ ದಿನ, ಒಂದೇ ಗಂಟೆಯೊಳಗೆ ಕೇಳಬೇಕು. ಸೋಮವಾರ ಒಬ್ಬರನ್ನು, ಗುರುವಾರ ಇನ್ನೊಬ್ಬರನ್ನು ಕೇಳಿದರೆ ಹೋಲಿಸಿದ್ದು ಮಾರುಕಟ್ಟೆಯ ಏರಿಳಿತವಾಗುತ್ತದೆ, ಅಂಗಡಿಗಳನ್ನಲ್ಲ.

ಲೆಕ್ಕ ಸುಲಭವಾಗಲೆಂದು ಕೊಳ್ಳುವ, ಮಾರುವ ದರಗಳ ನಡುವಿನ ಮಾರುಕಟ್ಟೆಯ ನಡುದರ ಯೂರೊಗೆ 100 ರೂಪಾಯಿ ಎಂದು ಹಿಡಿಯೋಣ. ನೋಟಿನ ಮಾರುವ ದರ 102.50 ಇದ್ದರೆ 1,500 ಯೂರೊಗೆ 1,53,750 ರೂಪಾಯಿ. ವಿನಿಮಯದ ಮೇಲಿನ ಜಿಎಸ್‌ಟಿ ಪೂರ್ತಿ ಮೊತ್ತದ ಮೇಲೆ ಬೀಳುವುದಿಲ್ಲ. ಒಂದು ಲಕ್ಷದವರೆಗೆ ಶೇಕಡಾ 1, ಅದರ ಮೇಲೆ ಹತ್ತು ಲಕ್ಷದವರೆಗೆ ಶೇಕಡಾ ಅರ್ಧ ಎಂದು ಸೇವೆಯ ಬೆಲೆಯನ್ನು ಲೆಕ್ಕ ಹಾಕಿ, ಆ ಬೆಲೆಯ ಮೇಲೆ ಮಾತ್ರ ಶೇಕಡಾ 18 ಕಟ್ಟಬೇಕು. ಇಲ್ಲಿ ಅದು ಸುಮಾರು 228 ರೂಪಾಯಿ. ಒಟ್ಟು 1,53,978, ಅಂದರೆ ಯೂರೊಗೆ 102.65.

ಫಾರೆಕ್ಸ್ ಕಾರ್ಡಿಗೆ ದರ 101.50 ಇದ್ದರೆ 1,52,250 ರೂಪಾಯಿ, ಜಿಎಸ್‌ಟಿ 227, ಕಾರ್ಡ್ ಕೊಡುವ ಶುಲ್ಕ ತೆರಿಗೆ ಸೇರಿ 354 ಎಂದುಕೊಂಡರೆ ಒಟ್ಟು 1,52,831, ಅಂದರೆ ಯೂರೊಗೆ 101.89. ಸಾಮಾನ್ಯ ಡೆಬಿಟ್ ಕಾರ್ಡಿನಲ್ಲಿ ದರ ಮೇಲ್ನೋಟಕ್ಕೆ ಎಲ್ಲಕ್ಕಿಂತ ಚೆನ್ನಾಗಿ ಕಾಣುತ್ತದೆ, ಏಕೆಂದರೆ ವೀಸಾ ಅಥವಾ ಮಾಸ್ಟರ್‌ಕಾರ್ಡ್ ಜಾಲದ ದರ ನಡುದರಕ್ಕೆ ಹತ್ತಿರವಿರುತ್ತದೆ. ಆದರೆ ಬ್ಯಾಂಕು ಅದರ ಮೇಲೆ ಮಾರ್ಕಪ್ ಎಂಬ ಹೆಚ್ಚುವರಿ ಶುಲ್ಕ ಹಾಕುತ್ತದೆ. ಮಾರ್ಕಪ್ ಶೇಕಡಾ 3.5 ಇದ್ದು ಅದಕ್ಕೆ ಜಿಎಸ್‌ಟಿ ಸೇರಿದರೆ ಶೇಕಡಾ 4.13 ಆಗುತ್ತದೆ. ಎಟಿಎಂನಿಂದ ನಾಲ್ಕು ಸಲ ತೆಗೆದು ಪ್ರತಿ ಸಲ ತೆರಿಗೆ ಸೇರಿ 177 ರೂಪಾಯಿ ಹೋದರೆ ಒಟ್ಟು 1,56,903, ಅಂದರೆ ಯೂರೊಗೆ 104.60. ಈ ಶುಲ್ಕಗಳು ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆಯಾಗುವುದರಿಂದ ನಿಮ್ಮ ಅಂಕಿಗಳನ್ನು ಇದೇ ಲೆಕ್ಕದಲ್ಲಿ ತುಂಬಿ ನೋಡಬೇಕು.

ಮಾರ್ಕಪ್ ಇಲ್ಲದ ಡೆಬಿಟ್ ಕಾರ್ಡುಗಳನ್ನು ಕೆಲವು ಬ್ಯಾಂಕುಗಳು ಈಗ ಕೊಡುತ್ತಿವೆ, ಮತ್ತು ಶುದ್ಧ ಲೆಕ್ಕದಲ್ಲಿ ಅವು ಮೂರನ್ನೂ ಸೋಲಿಸುತ್ತವೆ ಎಂಬುದನ್ನು ಒಪ್ಪಿಕೊಳ್ಳಲೇಬೇಕು. ಅಂಥ ಕಾರ್ಡ್ ಎರಡು ಮೂರು ತಿಂಗಳಿನಿಂದ ಮಗುವಿನ ಬಳಿ ಇದ್ದು ರೂಢಿಯಾಗಿದ್ದರೆ ಅರ್ಧ ಹಣವನ್ನು ಧೈರ್ಯವಾಗಿ ಅದರಲ್ಲಿಡಬಹುದು. ಹೊರಡಲು ಎರಡು ವಾರವಿರುವಾಗ ಅದಕ್ಕಾಗಿ ಹೊಸ ಖಾತೆ ತೆರೆಯಲು ಹೊರಡುವುದನ್ನು ಮಾತ್ರ ನಾನು ಬೇಡವೆನ್ನುತ್ತೇನೆ. ಕೆವೈಸಿ ಒಂದು ಹಂತದಲ್ಲಿ ನಿಂತರೆ ಕಾರ್ಡು ಊರಿಗೆ ಬರುವಷ್ಟರಲ್ಲಿ ಮಗು ವಿಮಾನದಲ್ಲಿರುತ್ತದೆ.

ಈ ಲೆಕ್ಕವನ್ನು ಕಂಡು ರಾಣೆಬೆನ್ನೂರಿನವರು ಸ್ವಲ್ಪ ಹೊತ್ತು ಸುಮ್ಮನಾದರು. ನಗದಿಗೂ ಫಾರೆಕ್ಸ್ ಕಾರ್ಡಿಗೂ ಇರುವ ಅಂತರ ಸಾವಿರದ ನೂರೈವತ್ತು ರೂಪಾಯಿಯ ಆಸುಪಾಸು, ಫಾರೆಕ್ಸ್ ಕಾರ್ಡಿಗೂ ಸಾಮಾನ್ಯ ಡೆಬಿಟ್ ಕಾರ್ಡಿಗೂ ಇರುವುದು ನಾಲ್ಕು ಸಾವಿರ ರೂಪಾಯಿ. "ಇಷ್ಟ ಏನ್ರಿ ಫರಕು?" ಎಂದು ಕೇಳಿದರು. ಹೌದು, ದರದ ಅಂತರ ಇಷ್ಟೇ. ಆರು ವಾರದ ಮೊತ್ತದಲ್ಲಿ ಆಯ್ಕೆಯನ್ನು ನಿರ್ಧರಿಸಬೇಕಾದದ್ದು ದರಕ್ಕಿಂತ ಹೆಚ್ಚಾಗಿ, ಯಾವುದು ಎಲ್ಲಿ ಕೈಕೊಡುತ್ತದೆ ಎಂಬುದು.

ಯಾವುದು ಎಲ್ಲಿ ಕೈಕೊಡುತ್ತದೆ

ನಗದು ಕಳೆದರೆ ಕಳೆದಂತೆಯೇ. ಅದಕ್ಕೆ ತಡೆಹಿಡಿಯುವ ಬಟನ್ ಇಲ್ಲ, ಬದಲಿ ಕಾರ್ಡ್ ಇಲ್ಲ. ಹೊಸ ವಿದ್ಯಾರ್ಥಿ ಮೊದಲ ವಾರ ಹಾಸ್ಟೆಲಿನ ಹಂಚಿಕೊಂಡ ಕೋಣೆಯಲ್ಲೋ ಪರಿಚಯದವರ ಸೋಫಾದ ಮೇಲೋ ಮಲಗುತ್ತಾನೆ, ಅಲ್ಲಿ ಒಂದೂವರೆ ಲಕ್ಷ ರೂಪಾಯಿಯ ನೋಟುಗಳನ್ನು ಚೀಲದಲ್ಲಿಟ್ಟುಕೊಂಡು ನಿದ್ರೆ ಬರುವುದು ಕಷ್ಟ. ನಿಯಮದ ಮಿತಿಯೂ ಇದೆ: ಬಹುತೇಕ ದೇಶಗಳಿಗೆ ಒಂದು ಪ್ರಯಾಣಕ್ಕೆ 3,000 ಡಾಲರ್‌ಗೆ ಸಮನಾದ ವಿದೇಶಿ ನೋಟುಗಳನ್ನಷ್ಟೇ ಒಯ್ಯಬಹುದು, ಉಳಿದದ್ದು ಕಾರ್ಡಿನಂಥ ರೂಪದಲ್ಲಿರಬೇಕು. ಆದರೂ ಜರ್ಮನಿಯಂಥ ದೇಶಕ್ಕೆ ನಗದಿಲ್ಲದೆ ಕಳುಹಿಸುವುದು ತಪ್ಪು. ಅಲ್ಲಿಯ ಕೇಂದ್ರ ಬ್ಯಾಂಕು 2023ರಲ್ಲಿ ನಡೆಸಿದ ಅಧ್ಯಯನದ ಪ್ರಕಾರ ಜನ ಮಾಡುವ ಪಾವತಿಗಳಲ್ಲಿ ಶೇಕಡಾ 51 ನಗದಿನಲ್ಲೇ ನಡೆಯುತ್ತವೆ. ಬೇಕರಿಯಲ್ಲಿ, ವಾರದ ಸಂತೆಯಲ್ಲಿ, ಬಟ್ಟೆ ಒಗೆಯುವ ಯಂತ್ರದಲ್ಲಿ ನೋಟು ಚಿಲ್ಲರೆ ಬೇಕಾಗುತ್ತದೆ. ಕೆಲವು ಅಂಗಡಿಗಳು ಕಾರ್ಡ್ ತೆಗೆದುಕೊಳ್ಳುತ್ತೇವೆ ಎಂದರೂ ಅದು ಅಲ್ಲಿಯ ದೇಶೀಯ ಜಿರೊಕಾರ್ಡ್ ಮಾತ್ರ ಆಗಿದ್ದು, ನಮ್ಮ ವೀಸಾ ಕಾರ್ಡನ್ನು ಯಂತ್ರ ತಿರಸ್ಕರಿಸುತ್ತದೆ.

ನೋಟಿನ ಮುಖಬೆಲೆಯ ಬಗ್ಗೆ ಹಟ ಹಿಡಿಯಬೇಕು. ಯುರೋಪಿನಲ್ಲಿ 500 ಯೂರೊ ನೋಟನ್ನು ಹೊಸದಾಗಿ ಕೊಡುವುದು 2019ರಲ್ಲೇ ನಿಂತಿದೆ. ಹಳೆಯವು ಚಲಾವಣೆಯಲ್ಲಿದ್ದರೂ ಅಂಗಡಿಯವರು ಅದನ್ನು ಮುಟ್ಟಲು ಹಿಂಜರಿಯುತ್ತಾರೆ, 200ರ ನೋಟಿಗೂ ಹೆಚ್ಚುಕಡಿಮೆ ಅದೇ ಗತಿ. ಹುಬ್ಬಳ್ಳಿಯಲ್ಲಿ ಸಣ್ಣ ಯೂರೊ ನೋಟುಗಳ ದಾಸ್ತಾನು ಎಲ್ಲ ದಿನವೂ ಇರುವುದಿಲ್ಲವಾದ್ದರಿಂದ ಒಂದು ವಾರ ಮೊದಲೇ ಹೇಳಿಟ್ಟು ತರಿಸಿಕೊಳ್ಳಬೇಕು. ನಮ್ಮ ಹುಡುಗಿಗೆ ಐವತ್ತರ ಮೂರು, ಇಪ್ಪತ್ತರ ಐದು, ಹತ್ತರ ಐದು ನೋಟುಗಳಂತೆ ಒಟ್ಟು 300 ಯೂರೊ ತೆಗೆದುಕೊಂಡೆವು.

ಡೆಬಿಟ್ ಕಾರ್ಡಿನ ತೊಂದರೆ ಬಹಳ ಸಲ ಇಲ್ಲಿಂದಲೇ ಹೊರಡುತ್ತದೆ. ಆ ಹುಡುಗಿಯ ಕಾರ್ಡನ್ನು ನಾನು ಕೈಗೆ ತೆಗೆದುಕೊಂಡು ನೋಡಿದೆ. ಮುಂದೆಯೂ ಹಿಂದೆಯೂ ರುಪೇ ಚಿಹ್ನೆ ಒಂದೇ ಇತ್ತು. ರುಪೇಯಲ್ಲಿ ವಿದೇಶದಲ್ಲಿ ನಡೆಯುವ ಬಗೆಯೂ ಉಂಟು, ಅದರ ಮೇಲೆ ಡಿಸ್ಕವರ್ ಅಥವಾ ಜೆಸಿಬಿಯಂಥ ಜಾಲದ ಗುರುತು ಇರುತ್ತದೆ. ವಿದ್ಯಾರ್ಥಿವೇತನಕ್ಕೆಂದೋ ಉಳಿತಾಯ ಖಾತೆಗೆಂದೋ ನಮ್ಮ ಊರುಗಳಲ್ಲಿ ಕೊಡುವ ಸಾದಾ ರುಪೇ ಕಾರ್ಡು ಮಾತ್ರ ದೇಶದೊಳಗಷ್ಟೇ ನಡೆಯುತ್ತದೆ. ಅದನ್ನು ನಂಬಿ ಹೋಗಿದ್ದರೆ ಅವಳು ಫ್ರಾಂಕ್‌ಫರ್ಟ್ ನಿಲ್ದಾಣದ ಎಟಿಎಂ ಮುಂದೆ ಬರಿಗೈಯಲ್ಲಿ ನಿಲ್ಲುತ್ತಿದ್ದಳು. ಮರುದಿನವೇ ಅದೇ ಖಾತೆಗೆ ವೀಸಾ ಜಾಲದ ಅಂತಾರಾಷ್ಟ್ರೀಯ ಡೆಬಿಟ್ ಕಾರ್ಡಿಗೆ ಅರ್ಜಿ ಹಾಕಿಸಿದೆವು, ಒಂಬತ್ತನೆಯ ದಿನ ಬಂತು.

ಕಾರ್ಡ್ ಬಂದರೆ ಕೆಲಸ ಮುಗಿಯಲಿಲ್ಲ. ರಿಸರ್ವ್ ಬ್ಯಾಂಕಿನ 2020ರ ನಿಯಮದ ನಂತರ ಹೊಸ ಕಾರ್ಡುಗಳಲ್ಲಿ ವಿದೇಶಿ ಬಳಕೆ ಮುಚ್ಚಿಯೇ ಬರುತ್ತದೆ. ಬ್ಯಾಂಕಿನ ಆ್ಯಪ್‌ನಲ್ಲಿ ಎಟಿಎಂ, ಅಂಗಡಿಯ ಯಂತ್ರ, ಆನ್‌ಲೈನ್, ತಾಗಿಸಿ ಪಾವತಿ ಎಂಬ ಪ್ರತಿಯೊಂದಕ್ಕೂ ವಿದೇಶದ ಸ್ವಿಚ್ಚನ್ನು ಬೇರೆಯಾಗಿ ತೆರೆದು, ದಿನದ ಮಿತಿಯನ್ನು ಬೇರೆಯಾಗಿ ಇಡಬೇಕು. ಅಂಗಡಿಯದನ್ನು ತೆರೆದು ಎಟಿಎಂನದನ್ನು ಮರೆತವರೇ ಹೆಚ್ಚು. ಇದರ ಜೊತೆಗೆ ಒಟಿಪಿ ಬರುವ ಭಾರತದ ಸಿಮ್‌ಗೆ ರೋಮಿಂಗ್ ಸೌಲಭ್ಯವನ್ನು ಇಲ್ಲಿರುವಾಗಲೇ ಚಾಲೂ ಮಾಡಿಸಿರಬೇಕು. ಅಲ್ಲಿಗೆ ಹೋದ ಮೇಲೆ ಅದನ್ನು ಚಾಲೂ ಮಾಡಲು ಬೇಕಾದ ಒಟಿಪಿಯೂ ಅದೇ ಸಿಮ್‌ಗೇ ಬರುತ್ತದೆ. ಖಾತೆಯಲ್ಲಿ ಉಳಿತಾಯವೆಲ್ಲ ಇರುವ ಡೆಬಿಟ್ ಕಾರ್ಡನ್ನು ಒಯ್ಯುವುದೂ ಸಲ್ಲದು, ಕಾರ್ಡು ಕಳುವಾದರೆ ಅಪಾಯ ಇಡೀ ಖಾತೆಗೆ ತಗಲುತ್ತದೆ. ಓದಿಗಾಗಿ ಹೋದ ವಿದ್ಯಾರ್ಥಿಯನ್ನು ವಿದೇಶಿ ವಿನಿಮಯ ನಿಯಮಗಳು ಅನಿವಾಸಿಯೆಂದೇ ಪರಿಗಣಿಸುವುದರಿಂದ ಈ ಉಳಿತಾಯ ಖಾತೆಯನ್ನು ಮುಂದೆ ಅನಿವಾಸಿಗಳಿಗೆಂದೇ ಇರುವ ಎನ್‌ಆರ್‌ಒ ಖಾತೆಯಾಗಿ ಬದಲಿಸಬೇಕಾಗುತ್ತದೆ ಎಂಬುದನ್ನೂ ತಂದೆಯವರ ಕಿವಿಗೆ ಹಾಕಿದೆ.

ಫಾರೆಕ್ಸ್ ಕಾರ್ಡಿಗೆ ಈ ಕಷ್ಟಗಳು ಕಡಿಮೆ. ತುಂಬಿದ ದಿನದ ದರವೇ ಖಾಯಂ, ಆಮೇಲೆ ರೂಪಾಯಿ ಬಿದ್ದರೂ ಏನೂ ಆಗದು. ಕಳೆದರೆ ಆ್ಯಪ್‌ನಲ್ಲಿ ತಡೆಹಿಡಿಯಬಹುದು, ಹೋದರೂ ಅದರಲ್ಲಿದ್ದಷ್ಟೇ ಹೋಗುತ್ತದೆ, ಖಾತೆಗೆ ಏನೂ ಆಗದು. ಹಲವು ಕಡೆ ಒಂದೇ ಲಕೋಟೆಯಲ್ಲಿ ಬದಲಿ ಕಾರ್ಡನ್ನೂ ಕೊಡುತ್ತಾರೆ. ಆ ಎರಡನ್ನೂ ಒಂದೇ ಪರ್ಸಿನಲ್ಲಿ ಇಟ್ಟರೆ ಬದಲಿ ಕಾರ್ಡಿನ ಅರ್ಥವೇ ಹೋಯಿತು. ಅದರ ದೋಷಗಳೂ ಇವೆ. ವಸತಿಗೃಹದವರು ಮುಂಗಡವೆಂದು ತಡೆಹಿಡಿದ ಮೊತ್ತ ದಿನಗಟ್ಟಲೆ ಬಿಡುಗಡೆಯಾಗದೆ ಉಳಿಯುತ್ತದೆ. ತುಂಬಿದ ಕರೆನ್ಸಿಯಲ್ಲದೆ ಬೇರೆ ಕರೆನ್ಸಿಯಲ್ಲಿ ಖರ್ಚು ಮಾಡಿದರೆ ಅನೇಕ ಕಾರ್ಡುಗಳಲ್ಲಿ ಶೇಕಡಾ 3.5ರಷ್ಟು ಶುಲ್ಕ ಬೀಳುತ್ತದೆ. ಪೋಲಂಡಿಗೋ ಹಂಗೇರಿಗೋ ಹೋಗುವ ವಿದ್ಯಾರ್ಥಿ ಯೂರೊ ತುಂಬಿಕೊಂಡು ಹೋದರೆ ಅಲ್ಲಿಯ ಕರೆನ್ಸಿ ಬೇರೆಯಾದ್ದರಿಂದ ಪ್ರತಿ ಖರ್ಚಿಗೂ ಈ ಶುಲ್ಕ ತೆರಬೇಕು. ಅಂಥ ದೇಶಕ್ಕೆ ಫಾರೆಕ್ಸ್ ಕಾರ್ಡಿನ ಲಾಭವೇ ಕರಗುತ್ತದೆ, ಅಲ್ಲಿಗೆ ಡೆಬಿಟ್ ಕಾರ್ಡೇ ಸರಿ.

ಯಂತ್ರ ರೂಪಾಯಿಯಲ್ಲಿ ಕೇಳಿದಾಗ

ಯಾವ ಕಾರ್ಡನ್ನೇ ಒಯ್ಯಲಿ, ಒಂದು ಪರದೆಯನ್ನು ಗುರುತಿಸಲು ಕಲಿಯದಿದ್ದರೆ ಮೇಲಿನ ಲೆಕ್ಕವೆಲ್ಲ ನೀರುಪಾಲಾಗುತ್ತದೆ. ಧಾರವಾಡದ ಹುಡುಗನೊಬ್ಬ ಜರ್ಮನಿಯ ರೈಲು ನಿಲ್ದಾಣವೊಂದರ ಎಟಿಎಂ ಪರದೆಯ ಚಿತ್ರವನ್ನು ತೆಗೆದು ನನಗೆ ಕಳುಹಿಸಿದ್ದ. ಅವನು ಯೂರೊ ತುಂಬಿದ ಫಾರೆಕ್ಸ್ ಕಾರ್ಡು ಹಾಕಿ 200 ಯೂರೊ ಕೇಳಿದ್ದ. ಕಾರ್ಡು ಭಾರತದ್ದೆಂದು ಗುರುತಿಸಿದ ಯಂತ್ರ, 200 ಯೂರೊಗೆ 22,400 ರೂಪಾಯಿ ಆಗುತ್ತದೆ, ಈ ಖಚಿತ ದರಕ್ಕೆ ಒಪ್ಪುತ್ತೀರಾ ಎಂದು ಕೇಳಿತ್ತು. ಒಪ್ಪುವ ಗುಂಡಿ ಹಸಿರು, ದೊಡ್ಡದು. ಪರಿವರ್ತನೆ ಬೇಡ ಎನ್ನುವುದು ಕೆಳಗೆ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿತ್ತು. ಬೇಡವೆಂದರೆ ವ್ಯವಹಾರವೇ ರದ್ದಾದೀತೆಂದು ಹೆದರಿ ಅವನು ಹಸಿರನ್ನು ಒತ್ತಿದ.

ಆಮೇಲೆ ಆದದ್ದು ಹೀಗೆ. ಯಂತ್ರ ಅವನ ಕಾರ್ಡಿಗೆ 200 ಯೂರೊ ಎಂದು ಬರೆಯಲಿಲ್ಲ, 22,400 ರೂಪಾಯಿ ಎಂದು ಬರೆಯಿತು. ಕಾರ್ಡಿನಲ್ಲಿ ರೂಪಾಯಿ ಇಲ್ಲವಾದ್ದರಿಂದ ಆ ಮೊತ್ತವನ್ನು ಮತ್ತೆ ಯೂರೊಗೆ ತಿರುಗಿಸಲಾಯಿತು. ನೂರರ ದರದಲ್ಲಿ ಅದು 224 ಯೂರೊ ಆಯಿತು, ಅದರ ಮೇಲೆ ಬೇರೆ ಕರೆನ್ಸಿಯ ಶುಲ್ಕ ಶೇಕಡಾ 3.5 ಸೇರಿ ಸುಮಾರು 232 ಯೂರೊ ಕಡಿತವಾಯಿತು. ಕೈಗೆ ಬಂದದ್ದು 200. ಯೂರೊವನ್ನು ರೂಪಾಯಿ ಮಾಡಿ, ರೂಪಾಯಿಯನ್ನು ಮತ್ತೆ ಯೂರೊ ಮಾಡಿದ್ದಕ್ಕೆ 32 ಯೂರೊ ಹೋಯಿತು, ಅದು ಅಲ್ಲಿ ಒಬ್ಬರ ನಾಲ್ಕೈದು ದಿನದ ದಿನಸಿ.

ಅಂಗಡಿಯ ಸಣ್ಣ ಯಂತ್ರದಲ್ಲೂ ಇದೇ ಪ್ರಶ್ನೆ ಬರುತ್ತದೆ. ಎಲ್ಲಿ ರೂಪಾಯಿಯ ಗುರುತು ಅಥವಾ INR ಎಂಬ ಮೂರು ಅಕ್ಷರ ಕಂಡಿತೋ ಅಲ್ಲಿ ನಿಲ್ಲಬೇಕು, EUR ಎಂಬುದನ್ನೇ ಆರಿಸಬೇಕು. ಬೇಡವೆಂದರೂ ಹಣ ಬರುತ್ತದೆ, ವ್ಯವಹಾರ ನಿಲ್ಲುವುದಿಲ್ಲ. ತಪ್ಪಿ ಒತ್ತಿದ್ದೀರೋ ಎಂಬುದು ರಸೀದಿಯಲ್ಲಿ ತಿಳಿಯುತ್ತದೆ: ಅದರಲ್ಲಿ ರೂಪಾಯಿಯ ಮೊತ್ತ ಅಚ್ಚಾಗಿದ್ದರೆ ಪರಿವರ್ತನೆ ಆಗಿದೆ ಎಂದೇ ಅರ್ಥ. ಅಂಗಡಿಯಾದರೆ ಅಲ್ಲೇ ನಿಂತು ರದ್ದು ಮಾಡಿಸಿ ಮತ್ತೆ ಪಾವತಿಸಬಹುದು, ಎಟಿಎಂನಲ್ಲಿ ಆ ಅವಕಾಶವಿಲ್ಲ. ಇದಲ್ಲದೆ ಎಟಿಎಂನವರು ತಮ್ಮದೇ ಶುಲ್ಕ ಹಾಕುವುದುಂಟು. ಅದನ್ನು ಪರದೆಯ ಮೇಲೆ ಮೊದಲೇ ತೋರಿಸುತ್ತಾರೆ, ಹೆಚ್ಚೆನಿಸಿದರೆ ರದ್ದು ಮಾಡಿ ಪಕ್ಕದ ಬ್ಯಾಂಕಿನ ಎಟಿಎಂಗೆ ಹೋಗಬಹುದು. ಹತ್ತು ಸಲ ಇಪ್ಪತ್ತಿಪ್ಪತ್ತು ತೆಗೆಯುವುದಕ್ಕಿಂತ ಒಂದೇ ಸಲ ನೂರೈವತ್ತು ತೆಗೆಯುವುದು ಅಗ್ಗ.

ಕೊನೆಗೆ ಹಂಚಿದ್ದು ಹೀಗೆ

1,500 ಯೂರೊದಲ್ಲಿ 1,200ನ್ನು ಫಾರೆಕ್ಸ್ ಕಾರ್ಡಿಗೆ ತುಂಬಿಸಿ, 300ನ್ನು ನೋಟಿನಲ್ಲಿ ಕೊಟ್ಟೆವು. ಮೇಲಿನ ದರಗಳ ಪ್ರಕಾರ ಒಟ್ಟು 1,53,159 ರೂಪಾಯಿ ಆಗುತ್ತದೆ. ಡೆಬಿಟ್ ಕಾರ್ಡಿನ ಖಾತೆಯಲ್ಲಿ ಬೇರೆಯಾಗಿ 40,000 ರೂಪಾಯಿ ಇಟ್ಟು, ಮೊದಲಿನ ಎರಡೂ ಕೈಕೊಟ್ಟರೆ ಮಾತ್ರ ಮುಟ್ಟಬೇಕೆಂದು ಹೇಳಿದೆವು. ಫಾರೆಕ್ಸ್ ಕಾರ್ಡ್ ಮತ್ತು 200 ಯೂರೊ ಮೈಮೇಲಿನ ಚೀಲದಲ್ಲಿ, ಬದಲಿ ಕಾರ್ಡ್, ಡೆಬಿಟ್ ಕಾರ್ಡ್ ಮತ್ತು 100 ಯೂರೊ ವಿಮಾನದ ಕೈಚೀಲದಲ್ಲಿ. ಲಗೇಜಿನ ಪೆಟ್ಟಿಗೆಯಲ್ಲಿ ಏನೂ ಇಲ್ಲ. ಅಮೆರಿಕಕ್ಕೋ ಬ್ರಿಟನ್ನಿಗೋ ಹೋಗುವವರಿಗಾದರೆ ನಗದಿನ ಪಾಲನ್ನು ಅರ್ಧಕ್ಕೆ ಇಳಿಸುತ್ತಿದ್ದೆ. ಲಂಡನ್ನಿನ ಬಸ್ಸಿನಲ್ಲಿ ನಗದು ತೆಗೆದುಕೊಳ್ಳುವುದನ್ನು 2014ರಲ್ಲೇ ನಿಲ್ಲಿಸಿದ್ದಾರೆ.

ಕೊಳ್ಳುವ ಕೆಲಸಕ್ಕೆ ಪಾಸ್‌ಪೋರ್ಟ್, ವೀಸಾ, ಟಿಕೆಟ್, ಪ್ರವೇಶಪತ್ರ ಮತ್ತು ಪ್ಯಾನ್ ಬೇಕು, ಎ2 ಎಂಬ ಅರ್ಜಿ ತುಂಬಬೇಕು. ಪ್ರಯಾಣಕ್ಕೆ ಅರವತ್ತು ದಿನಕ್ಕಿಂತ ಮೊದಲು ಕೊಳ್ಳಲು ಬರುವುದಿಲ್ಲ. ಗದಗ, ಹಾವೇರಿಯ ಎಲ್ಲ ಶಾಖೆಗಳಲ್ಲಿ ಈ ವಿಭಾಗ ಇರುವುದಿಲ್ಲ, ಅರ್ಜಿಯನ್ನು ದೊಡ್ಡ ಶಾಖೆಗೆ ಕಳುಹಿಸುತ್ತಾರೆ. ಆದ್ದರಿಂದ ನೇರವಾಗಿ ಹುಬ್ಬಳ್ಳಿಗೆ ಬರುವುದರಿಂದ ಎರಡು ಮೂರು ದಿನ ಉಳಿಯುತ್ತದೆ. 50,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಾದರೆ ರೂಪಾಯಿಯನ್ನು ಕೈಯಲ್ಲಿ ಎಣಿಸಿ ಕೊಡುವಂತಿಲ್ಲ, ಖಾತೆಯಿಂದಲೇ ಹೋಗಬೇಕು. ಇದನ್ನು ಅರಿಯದೆ ವ್ಯಾಪಾರದ ನಗದನ್ನು ಚೀಲದಲ್ಲಿ ತಂದು ವಾಪಸು ಹೋದವರನ್ನು ನಾನೇ ಕಂಡಿದ್ದೇನೆ. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಕೊಂಡರಾಯಿತು ಎಂದು ಬಿಡಬಾರದು, ಬೇರೆ ದಾರಿ ಇಲ್ಲದೆ ಬಂದವರಿಗೆ ಅಲ್ಲಿಯ ಕೌಂಟರಿನಲ್ಲಿ ಹೇಳುವ ದರ ಊರಿನ ದರಕ್ಕಿಂತ ಬಹಳ ಮೇಲಿರುತ್ತದೆ.

ಅರ್ಜಿಯಲ್ಲಿ ಉದ್ದೇಶವನ್ನು ಶಿಕ್ಷಣವೆಂದೇ ಬರೆಸಬೇಕು, ಪ್ರವಾಸವೆಂದು ಬರೆದುಬಿಟ್ಟರೆ, ವಿದೇಶಕ್ಕೆ ಹೋಗುವ ಹಣದ ಮೇಲೆ ಬ್ಯಾಂಕು ಮುಂಗಡವಾಗಿ ವಸೂಲಿ ಮಾಡುವ ಟಿಸಿಎಸ್ ತೆರಿಗೆಯ ದರ ಬೇರೆಯಾಗುತ್ತದೆ. 2025ರ ಏಪ್ರಿಲ್‌ನಿಂದ ಒಂದು ಪ್ಯಾನ್ ಮೇಲೆ ಆರ್ಥಿಕ ವರ್ಷದಲ್ಲಿ ಹತ್ತು ಲಕ್ಷದವರೆಗೆ ಈ ತೆರಿಗೆ ಇಲ್ಲ, ಬ್ಯಾಂಕಿನ ಶಿಕ್ಷಣ ಸಾಲದಿಂದ ಕಳುಹಿಸಿದ್ದಕ್ಕೆ ಇಲ್ಲವೇ ಇಲ್ಲ. 1,500 ಯೂರೊ ಆ ಮಿತಿಯ ಹತ್ತಿರವೂ ಬರುವುದಿಲ್ಲ. ಆದರೆ ಬ್ಲಾಕ್ಡ್ ಅಕೌಂಟಿನ 11,904 ಯೂರೊವನ್ನು ತಂದೆಯವರು ಅದೇ ವರ್ಷ ತಮ್ಮ ಪ್ಯಾನ್ ಮೇಲೆ ಸ್ವಂತ ಹಣದಿಂದ ಕಳುಹಿಸಿದ್ದರೆ ಅವರ ಮಿತಿ ಆಗಲೇ ತುಂಬಿರುತ್ತದೆ. ಆದ್ದರಿಂದ ಈ ಖರೀದಿಯನ್ನು ಮಗಳ ಖಾತೆಯಿಂದ, ಮಗಳ ಪ್ಯಾನ್ ಮೇಲೆ ಮಾಡಿಸಿದೆವು. ಕಟ್ಟಬೇಕಾಗಿ ಬಂದರೂ ಅದು ವರಮಾನ ತೆರಿಗೆಯ ವಿವರ ಸಲ್ಲಿಸುವಾಗ ಹೊಂದಾಣಿಕೆಯಾಗುವ ಹಣ.

ಫ್ರಾಂಕ್‌ಫರ್ಟ್‌ನಲ್ಲಿ ಇಳಿದ ಮೊದಲ ಗಂಟೆಯಲ್ಲೇ, ಅಲ್ಲಿಯ ವೈಫೈ ಕೈಯಲ್ಲಿರುವಾಗಲೇ, ಫಾರೆಕ್ಸ್ ಕಾರ್ಡಿನಿಂದ ಒಂದು ನೀರಿನ ಬಾಟಲಿಯನ್ನೂ ಡೆಬಿಟ್ ಕಾರ್ಡಿನಿಂದ ಒಂದು ಬ್ರೆಡ್ಡನ್ನೂ ಪಿನ್ ಒತ್ತಿ ಕೊಳ್ಳಲು ಹೇಳಿದ್ದೆ. ಅಲ್ಲಿ 50 ಯೂರೊದೊಳಗಿನದಕ್ಕೆ ಕಾರ್ಡು ತಾಗಿಸಿದರೆ ಸಾಕಾಗುವುದರಿಂದ ಪಿನ್ ಸರಿಯಿದೆಯೋ ಎಂಬುದು ಹಾಗೆ ತಿಳಿಯುವುದಿಲ್ಲ. ಅದಕ್ಕಾಗಿ ಕಾರ್ಡನ್ನು ಯಂತ್ರದೊಳಗೆ ತೂರಿಸಿಯೇ ಕೊಡಬೇಕು. ಅವಳು ಹಾಗೆಯೇ ಮಾಡಿ ಎರಡೂ ರಸೀದಿಗಳ ಚಿತ್ರ ಕಳುಹಿಸಿದಳು, ಎರಡರಲ್ಲೂ ಯೂರೊ ಎಂದೇ ಇತ್ತು.

ಅವಳ ಖಾತೆ ಐದನೆಯ ವಾರ ತೆರೆಯಿತು. ಆಗ ಫಾರೆಕ್ಸ್ ಕಾರ್ಡಿನಲ್ಲಿ 340 ಯೂರೊ ಉಳಿದಿತ್ತು. ಅದನ್ನು ಹೊಸ ಖಾತೆಗೆ ವರ್ಗಾಯಿಸಲು ಬರುವುದಿಲ್ಲ, ಊರಿಗೆ ಮರಳಿಸಿದರೆ ಕೊಳ್ಳುವ ದರದಲ್ಲಿ ಕಡಿಮೆ ರೂಪಾಯಿ ಬರುತ್ತದೆ, ಹಾಗೇ ಬಿಟ್ಟರೆ ಕೆಲವು ತಿಂಗಳ ನಂತರ ಬಳಸದಿದ್ದುದಕ್ಕೆ ಶುಲ್ಕ ಕಡಿಯುವ ಕಾರ್ಡುಗಳೂ ಇವೆ. ಆದ್ದರಿಂದ ದಿನಸಿಯನ್ನೆಲ್ಲ ಅದೇ ಕಾರ್ಡಿನಿಂದ ಕೊಂಡು ಖಾಲಿ ಮಾಡುತ್ತ ಬರಲು ಹೇಳಿದೆ. ಡಿಸೆಂಬರ್ ಮೊದಲ ವಾರ ಅದರಲ್ಲಿ ನಾಲ್ಕು ಯೂರೊ ಚಿಲ್ಲರೆ ಉಳಿದಿತ್ತು.